ಸರ್ವೇ ಸೈಟುಗಳಲ್ಲಿ ಗಂಟೆಗೆ ನಿಜವಾಗಿ ಕೈಗೆ ಬರುವುದೆಷ್ಟು?

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವಳು. ಪದವಿ ಮುಗಿಸಿ ಮನೆಯಲ್ಲಿದ್ದೇನೆ. ಸರ್ವೇ ಸೈಟು, ರಿವಾರ್ಡ್ ಆ್ಯಪ್, ಸಣ್ಣಪುಟ್ಟ ಆನ್‌ಲೈನ್ ಕೆಲಸಗಳಿಂದ ತಿಂಗಳಿಗೆ ಹತ್ತು ಸಾವಿರ ಸಂಪಾದಿಸಬಹುದೇ? ಯಾವುದಕ್ಕೆ ಸಮಯ ಕೊಟ್ಟರೆ ಲಾಭ?

ಸರ್ವೇಗಳಿಂದ ಹತ್ತು ಸಾವಿರ ಆಗುವುದಿಲ್ಲ. ಕನ್ನಡದ ಧ್ವನಿಮುದ್ರಣದ ಕೆಲಸ ಸಿಕ್ಕಿದರೆ ಸಮಯಕ್ಕೆ ತಕ್ಕ ಹಣ ಬರುತ್ತದೆ, ಆದರೆ ಅದು ಪ್ರತಿ ತಿಂಗಳೂ ಸಿಗುವಂಥದ್ದಲ್ಲ. ಹೀಗೆ ಖಚಿತವಾಗಿ ಹೇಳಲು ನನ್ನ ಬಳಿ ಲೆಕ್ಕದ ಪುಸ್ತಕವೇ ಇದೆ.

ನಾನು ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನ ಮಾಲೀಕರೊಬ್ಬರ ಲೆಕ್ಕ ಬರೆಯುವವನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳು ನನಗೂ ಕೆಲಸ ಕಡಿಮೆ. ಒಂದು ಮಳೆಗಾಲವನ್ನು ಪೂರ್ತಿ ಈ ಸೈಟುಗಳಿಗೆ ಕೊಟ್ಟೆ. ಡೀಸೆಲ್, ಮಂಜುಗಡ್ಡೆ ಎಂದು ಬರೆಯುವ ಕೈ ಸುಮ್ಮನಿರಲಿಲ್ಲ. ಯಾವ ಸರ್ವೇ ಎಷ್ಟು ಹೊತ್ತಿಗೆ ತೆರೆದೆ, ಎಷ್ಟು ಹೊತ್ತಿಗೆ ಮುಗಿಯಿತು, ಎಷ್ಟು ಸಿಕ್ಕಿತು ಎಂದು ನಿಮಿಷ ಸಹಿತ ಬರೆದಿಟ್ಟೆ.

ಜೂನ್ ಎರಡನೇ ವಾರದ ಪುಟ ಹೀಗಿದೆ. ತೆರೆದ ಸರ್ವೇ 41, ಪೂರ್ತಿಯಾದದ್ದು 9. ಆ ಒಂಬತ್ತಕ್ಕೆ ಹಿಡಿದದ್ದು 155 ನಿಮಿಷ, ಬಂದ ಅಂಕಗಳ ಬೆಲೆ 205 ರೂಪಾಯಿ. ಇಷ್ಟನ್ನೇ ನೋಡಿದರೆ ಗಂಟೆಗೆ 79 ರೂಪಾಯಿ ಬಿತ್ತು. ಸೈಟಿನವರು ತೋರಿಸುವುದೂ ಈ ಲೆಕ್ಕವನ್ನೇ. ಆದರೆ ಉಳಿದ 32 ಸರ್ವೇಗಳು ನಾಲ್ಕೈದು ನಿಮಿಷ ಪ್ರಶ್ನೆ ಕೇಳಿ, ‘ನೀವು ಈ ಸಮೀಕ್ಷೆಗೆ ಅರ್ಹರಲ್ಲ’ ಎಂದು ಹೊರಗೆ ಕಳಿಸಿದವು. ಅಲ್ಲಿ ಹೋದದ್ದು 160 ನಿಮಿಷ. ಹೊಸ ಸರ್ವೇ ಬಂದಿದೆಯೇ ಎಂದು ನೋಡುತ್ತ ಕುಳಿತದ್ದು ಇನ್ನೂ 45. ಒಟ್ಟು ಆರು ಗಂಟೆ ದುಡಿದಿದ್ದೆ, ಗಂಟೆಗೆ 34 ರೂಪಾಯಿ. ಮೂರು ವಾರ ಕಳೆದ ಮೇಲೆ ಒಂಬತ್ತರಲ್ಲಿ ಎರಡು ಸರ್ವೇಗಳ ಅಂಕಗಳನ್ನು ಗುಣಮಟ್ಟ ಸರಿಯಿಲ್ಲವೆಂದು ವಾಪಸ್ ಪಡೆದರು. ಉಳಿದದ್ದು 160 ರೂಪಾಯಿ, ಅಂದರೆ ಗಂಟೆಗೆ 27. ಈ ದರದಲ್ಲಿ ಹತ್ತು ಸಾವಿರಕ್ಕೆ ಸುಮಾರು 370 ಗಂಟೆ ಬೇಕು. ಅಷ್ಟು ಕೂರಲು ನೀವು ಸಿದ್ಧರಿದ್ದರೂ ಅಷ್ಟು ಸರ್ವೇಗಳೇ ಬರುವುದಿಲ್ಲ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಅದರ ಪಕ್ಕದಲ್ಲಿಟ್ಟು ನೋಡಿ.

ಹೊರಗೆ ಕಳಿಸುವುದು ಏಕೆಂದು ತಿಳಿದರೆ ನಮ್ಮ ಕಡೆಯವರಿಗೆ ಇದು ಏಕೆ ಗಿಟ್ಟುವುದಿಲ್ಲ ಎಂಬುದೂ ತಿಳಿಯುತ್ತದೆ. ಸರ್ವೇಗೆ ಹಣ ಕೊಡುವ ಕಂಪನಿಗೆ ಎಲ್ಲರ ಅಭಿಪ್ರಾಯ ಬೇಕಿರುವುದಿಲ್ಲ. ಆರು ತಿಂಗಳೊಳಗೆ ಕಾರು ಕೊಂಡ, ದೊಡ್ಡ ನಗರದ, ಇಂಥ ವಯಸ್ಸಿನ ಇಷ್ಟು ಜನ ಎಂದು ಅದು ಮೊದಲೇ ಕೋಟಾ ಹಾಕಿರುತ್ತದೆ. 581301 ಎಂದು ಪಿನ್‌ಕೋಡ್ ಹಾಕಿದೊಡನೆ ನಾನು ಎಷ್ಟೋ ಸಲ ಹೊರಗೆ ಬಿದ್ದಿದ್ದೇನೆ. ಶಿರಸಿಯ ಹಳ್ಳಿಯ ಪಿನ್‌ಕೋಡಿಗೂ ಅದೇ ಗತಿ. ಕೋಟಾದೊಳಗೆ ಬರುವವರಾಗಿದ್ದರೂ ನೀವು ತಲುಪುವಷ್ಟರಲ್ಲಿ ಅದು ತುಂಬಿರಬಹುದು.

ಆಗ ಕಾರು ಇದೆ, ಬೆಂಗಳೂರಿನಲ್ಲಿದ್ದೇನೆ ಎಂದು ಸುಳ್ಳು ಬರೆಯುವ ಮನಸ್ಸಾಗುತ್ತದೆ. ದಯವಿಟ್ಟು ಬರೆಯಬೇಡಿ. ಪ್ರಶ್ನೆಗಳ ನಡುವೆ ಇಲ್ಲದ ಬ್ರ್ಯಾಂಡಿನ ಹೆಸರು ಸೇರಿಸಿ, ಬಳಸಿದ್ದೀರಾ ಎಂದು ಕೇಳುತ್ತಾರೆ. ಆರಂಭದಲ್ಲಿ ವಯಸ್ಸು, ಕೊನೆಯಲ್ಲಿ ಹುಟ್ಟಿದ ವರ್ಷ ಕೇಳಿ ಹೊಂದಿಸಿ ನೋಡುತ್ತಾರೆ. ಸಿಕ್ಕಿಬಿದ್ದವರ ಖಾತೆ ಬಹುಪಾಲು ಮುಚ್ಚುವುದು ಹಣ ತೆಗೆಯಲು ಹೋದಾಗಲೇ. ಪ್ರಾಮಾಣಿಕರಿಗೂ ನೆಟ್‌ವರ್ಕಿನಿಂದ ಪೆಟ್ಟು ಬೀಳುತ್ತದೆ. ಸರ್ವೇ ನಡುವೆ ಸಂಪರ್ಕ ಕಡಿದು ಮತ್ತೆ ಬಂದರೆ ಮೊದಲಿಂದ ಶುರುಮಾಡಬೇಕಾಗುತ್ತದೆ, ಇಲ್ಲವೇ ಒಬ್ಬರೇ ಎರಡು ಸಲ ಬಂದಿದ್ದೀರೆಂದು ಅನುಮಾನಿಸುತ್ತಾರೆ. ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಊರು ನಿಮ್ಮದಾಗಿದ್ದರೆ ದೊಡ್ಡ ಸರ್ವೇಗಳ ಆಸೆಯನ್ನು ಇಲ್ಲಿಗೇ ಬಿಡಿ.

ಗೂಗಲ್ ಒಪಿನಿಯನ್ ರಿವಾರ್ಡ್ಸ್ ಮಾತ್ರ ಇಟ್ಟುಕೊಳ್ಳಬಹುದು. ಪ್ರಶ್ನೆಗಳು ಅರ್ಧ ನಿಮಿಷದಲ್ಲಿ ಮುಗಿಯುತ್ತವೆ, ಕೆಲವು ರೂಪಾಯಿ ಬರುತ್ತದೆ. ಆದರೆ ಆಂಡ್ರಾಯ್ಡ್ ಫೋನಿನಲ್ಲಿ ಅದು ಪ್ಲೇ ಸ್ಟೋರಿನ ಬಾಕಿಯಾಗಿ ಸೇರುತ್ತದೆಯೇ ಹೊರತು ಬ್ಯಾಂಕಿಗೆ ಬರುವುದಿಲ್ಲ, ವರ್ಷದೊಳಗೆ ಬಳಸದಿದ್ದರೆ ಹೋಗುತ್ತದೆ. ಆಟ ಆಡಿ ನಾಣ್ಯ ಗಳಿಸುವ ಆ್ಯಪ್‌ಗಳಿಗೆ ನಾನು ಸಮಯ ಕೊಡುವುದಿಲ್ಲ. ಮೊದಲ ಹಂತಗಳನ್ನು ಬೇಗ ದಾಟಿಸಿ, ಹಣ ಕೊಡುವ ಹಂತ ಹತ್ತಿರವಾದಂತೆ ದಿನಗಟ್ಟಲೆ ಎಳೆಯುತ್ತವೆ.

ಸಣ್ಣ ಕೆಲಸಗಳ ಸೈಟುಗಳಲ್ಲಿಯೂ ಹುಡುಕುವ ಹೊತ್ತೇ ಗಳಿಕೆಯನ್ನು ನುಂಗುತ್ತದೆ. ಅಮೆಜಾನಿನ ಮೆಕ್ಯಾನಿಕಲ್ ಟರ್ಕ್‌ನಲ್ಲಿ 2,676 ಜನರು ಮಾಡಿದ 38 ಲಕ್ಷ ಕೆಲಸಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಡುಮಟ್ಟದ ಕೆಲಸಗಾರನಿಗೆ ಗಂಟೆಗೆ ಸಿಕ್ಕಿದ್ದು ಸುಮಾರು 2 ಡಾಲರ್.

ನಮಗೆ ನಿಜವಾಗಿ ಬೆಲೆ ಸಿಗುವುದು ನಮ್ಮ ಕನ್ನಡಕ್ಕೆ. ವಾಕ್ಯಗಳನ್ನು ಓದಿ ಧ್ವನಿ ಕಳಿಸುವ ಕೆಲಸಕ್ಕೆ ಇಂಗ್ಲಿಷ್ ಬಲ್ಲ ಜಗತ್ತೆಲ್ಲ ಪೈಪೋಟಿಗೆ ಬರುವುದಿಲ್ಲ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಇಂಥ ಕೆಲಸಕ್ಕೆ ಗಂಟೆಗೆ ಸುಮಾರು 5 ಡಾಲರ್ ಕೊಡುತ್ತಿದ್ದುದು 2023ರಲ್ಲಿ ಸುದ್ದಿಯಾಗಿತ್ತು. ಆ ಕೆಲಸ ಊರೂರಿನ ಸೇವಾ ಸಂಸ್ಥೆಗಳ ಮೂಲಕ ಹಂಚಿಕೆಯಾಗುತ್ತದೆ. ಆದ್ದರಿಂದ ನಿಮ್ಮ ತಾಲ್ಲೂಕಿನ ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿ ವಿಚಾರಿಸಿಡಿ.

ನಾನು ಮಾಡಿದ್ದು ಬೇರೊಂದು ಕಡೆ, ಒಂದೇ ಸಲ. 200 ವಾಕ್ಯ, ಒಪ್ಪಿಗೆಯಾದ ಒಂದೊಂದಕ್ಕೆ ಎರಡೂವರೆ ರೂಪಾಯಿ. ಮಧ್ಯಾಹ್ನ ಕುಳಿತು ಒಂದು ಗಂಟೆ ಐವತ್ತು ನಿಮಿಷದಲ್ಲಿ ಎಲ್ಲವನ್ನೂ ಓದಿ ಕಳಿಸಿದೆ. ಮರುದಿನ 38 ವಾಕ್ಯಗಳು ತಿರಸ್ಕೃತವಾಗಿ ಬಂದವು. ಕೇಳಿ ನೋಡಿದರೆ ನನ್ನ ಮಾತಿನ ಹಿಂದೆ ತಗಡಿನ ಮಾಡಿನ ಮೇಲೆ ಮಳೆ ಸುರಿಯುವ ಸದ್ದು. ಓದುವಾಗ ಅದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಎರಡು ದಿನ ಬಿಟ್ಟು, ಬೆಳಗಿನ ಜಾವ ಐದಕ್ಕೆ ಮಳೆ ಹೊಳವಾದಾಗ ಫ್ಯಾನ್ ಆರಿಸಿ, ಬಾಗಿಲು ಹಾಕಿ, ಕಂಬಳಿ ಹೊದ್ದು ಆ 38ನ್ನು ಮತ್ತೆ ಓದಿದೆ. ಇಪ್ಪತ್ತೈದು ನಿಮಿಷ ಹಿಡಿಯಿತು, ಎಲ್ಲವೂ ಒಪ್ಪಿಗೆಯಾದವು. ಎರಡು ಗಂಟೆ ಕಾಲಿಗೆ 500 ರೂಪಾಯಿ, ಅಂದರೆ ಗಂಟೆಗೆ 222. ಇಡೀ ಮಳೆಗಾಲದಲ್ಲಿ ನನಗೆ ತೃಪ್ತಿ ಕೊಟ್ಟ ಪುಟ ಅದೊಂದೇ.

ಇನ್ನೊಂದು ಮಾತನ್ನು ಹೇಳಲೇಬೇಕು. ವಿಡಿಯೊಗೆ ಲೈಕ್ ಒತ್ತಿದರೆ, ಹೋಟೆಲಿಗೆ ಐದು ನಕ್ಷತ್ರ ಕೊಟ್ಟರೆ 50 ರೂಪಾಯಿ ಎಂದು ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಸಂದೇಶ ಬಂದರೆ ಉತ್ತರಿಸಬೇಡಿ. ಮೊದಲ ದಿನ ನಂಬಿಕೆ ಹುಟ್ಟಿಸಲು ನೂರಿನ್ನೂರು ನಿಜವಾಗಿಯೇ ಹಾಕುತ್ತಾರೆ, ಆಮೇಲೆ ದೊಡ್ಡ ಕೆಲಸಕ್ಕೆ ಮುಂಗಡ ಕಟ್ಟಿ ಎನ್ನುತ್ತಾರೆ. ಕೆಲಸ ಕೊಡುವವನು ನಿಮ್ಮಿಂದಲೇ ಹಣ ಕೇಳಿದ ಕ್ಷಣ ಅದು ಮೋಸವೆಂದು ತಿಳಿಯಿರಿ. ಆಗಲೇ ಕಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದೆ ಸಾಗುವ ಮೊದಲೇ ಖಾತೆ ತಡೆಹಿಡಿಯಲು ಆಗ ಮಾತ್ರ ಅವಕಾಶವಿರುತ್ತದೆ.

ಇಷ್ಟಾದ ಮೇಲೂ ಸರ್ವೇ ಮಾಡಿ ನೋಡುವುದಾದರೆ ಒಂದೇ ಸೈಟು, ಒಂದೇ ವಾರ ಮಾಡಿ. ಹೊರಗೆ ಕಳಿಸಿದ ನಿಮಿಷಗಳನ್ನೂ ಬರೆಯಿರಿ. ಸೇರುವ ಮೊದಲು ಕನಿಷ್ಠ ಎಷ್ಟಾದರೆ ಹಣ ತೆಗೆಯಬಹುದೆಂದು ನೋಡಿ. ನನ್ನದರಲ್ಲಿ 500 ಇತ್ತು, ವಾರಕ್ಕೆ 160ರಂತೆ ಅದನ್ನು ಮುಟ್ಟಲು ನಾಲ್ಕನೇ ವಾರವಾಯಿತು.