ದುಬಾರಿ ನಗರದ ಕೆಲಸ: ಹೆಚ್ಚಿದ ಸಂಬಳದಲ್ಲಿ ಕೊನೆಗೆ ಉಳಿಯುವುದೆಷ್ಟು?

ಪ್ರಶ್ನೆ: ಬೇರೆ ನಗರದಲ್ಲಿ ಶೇಕಡ 40ರಷ್ಟು ಹೆಚ್ಚು ಸಂಬಳದ ಕೆಲಸ ಸಿಕ್ಕಿದೆ. ಆದರೆ ಆ ನಗರದ ಜೀವನವೆಚ್ಚವೂ ನಮ್ಮ ಊರಿಗಿಂತ ಶೇಕಡ 40ರಷ್ಟು ಹೆಚ್ಚು ಎಂದು ಹೋಲಿಕೆಯ ವೆಬ್‌ಸೈಟ್‌ಗಳು ತೋರಿಸುತ್ತಿವೆ. ಹೋದರೆ ನಿಜವಾಗಿ ಏನಾದರೂ ಉಳಿಯುತ್ತದೆಯೇ, ಅಥವಾ ಅಲ್ಲಿಗಲ್ಲಿಗೆ ಸರಿಹೋಗುತ್ತದೆಯೇ?

ಕೆಲವು ವರ್ಷಗಳ ಹಿಂದೆ ನಾನೂ ಇಂಥದ್ದೇ ಆಫರ್ ಲೆಟರ್ ಹಿಡಿದುಕೊಂಡು ಇದೇ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದೆ. ಇವೆರಡನ್ನೂ ಒಂದರಿಂದ ಇನ್ನೊಂದನ್ನು ಕಳೆದು ನೋಡುವಂತಿಲ್ಲ ಎಂಬುದು ನನಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಸಂಬಳದ ಏರಿಕೆ ನಿಮ್ಮ ಇಡೀ ಆದಾಯಕ್ಕೆ ಅನ್ವಯಿಸುತ್ತದೆ. ಜೀವನವೆಚ್ಚದ ಏರಿಕೆ ನೀವು ಖರ್ಚು ಮಾಡುವ ಭಾಗಕ್ಕೆ ಮಾತ್ರ ತಗಲುತ್ತದೆ. ಉಳಿತಾಯ ಖಾತೆಗೆ ಹೋಗುವ ಹಣಕ್ಕೆ ಯಾವ ನಗರದಲ್ಲೂ ಹೆಚ್ಚಿನ ಬೆಲೆ ತೆರಬೇಕಾಗಿಲ್ಲ.

ಒಂದೇ ಆಫರ್ ಇಬ್ಬರಿಗೆ ಬಂದಿದೆ ಎಂದುಕೊಳ್ಳಿ. ಇಬ್ಬರಿಗೂ ಈಗ ತಿಂಗಳಿಗೆ ಕೈಗೆ ಬರುವುದು 100, ಹೊಸ ನಗರದಲ್ಲಿ ಬರಲಿರುವುದು 131. ಮೊದಲನೆಯವರು ಈಗ 70 ಖರ್ಚು ಮಾಡಿ 30 ಉಳಿಸುತ್ತಾರೆ. ಖರ್ಚು ಶೇಕಡ 40ರಷ್ಟು ಏರಿದರೆ 98 ಆಗುತ್ತದೆ, ಉಳಿತಾಯ 33ಕ್ಕೆ ಏರುತ್ತದೆ. ಎರಡನೆಯವರು 92 ಖರ್ಚು ಮಾಡಿ 8 ಉಳಿಸುವವರು. ಅವರ ಖರ್ಚು ಸುಮಾರು 129ಕ್ಕೆ ಹೋಗಿ, ಉಳಿಯುವುದು 2 ಮಾತ್ರ. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಆ ನಗರದಲ್ಲಿರುವುದಕ್ಕಿಂತ ಹೆಚ್ಚಾಗಿ, ನೀವು ಈಗ ಆದಾಯದ ಎಷ್ಟು ಪಾಲನ್ನು ಖರ್ಚು ಮಾಡುತ್ತಿದ್ದೀರಿ ಎಂಬುದರಲ್ಲಿದೆ.

ಶೇಕಡ 40ರ ಏರಿಕೆಯಿದ್ದರೂ ನಾನು 140 ಎನ್ನದೆ 131 ಎಂದದ್ದಕ್ಕೆ ಕಾರಣವಿದೆ. ಇದು ನನ್ನದೇ ಲೆಕ್ಕ. ನಿಜವಾದ ಮೊತ್ತಗಳನ್ನು ಬರೆಯುವ ಬದಲು, ಹಳೆಯ ಕೆಲಸದಲ್ಲಿ ತಿಂಗಳಿಗೆ ಕೈಗೆ ಬರುತ್ತಿದ್ದ ಸಂಬಳವನ್ನು 100 ಎಂದಿಟ್ಟುಕೊಂಡು ಉಳಿದೆಲ್ಲವನ್ನೂ ಅದೇ ಅಳತೆಯಲ್ಲಿ ಹೇಳುತ್ತೇನೆ. ನನ್ನ ಹಳೆಯ ಪ್ಯಾಕೇಜ್ 120, ಹೊಸದು 168. ಹೆಚ್ಚಾದ 48ರಲ್ಲಿ 8, ವರ್ಷದ ಕೊನೆಗೆ ಕಂಪನಿಯ ಫಲಿತಾಂಶ ನೋಡಿ ಕೊಡುವ ಬದಲಾಗಬಲ್ಲ ಭಾಗವಾಗಿತ್ತು. ಅದನ್ನು ಲೆಕ್ಕದಿಂದ ಪೂರ್ತಿ ಹೊರಗಿಟ್ಟೆ. ತೆರಿಗೆ ಮತ್ತು ಇತರ ಕಡಿತಗಳಿಗೆ 9 ಹೋಯಿತು. ಆದಾಯ ಹೆಚ್ಚಿದಂತೆ ದರವೂ ಹೆಚ್ಚುವ ತೆರಿಗೆ ಪದ್ಧತಿಯಲ್ಲಿ ಹೊಸದಾಗಿ ಸೇರಿದ ಹಣದ ಮೇಲೆ ಬೀಳುವುದು ನಿಮ್ಮ ಅತಿ ಮೇಲಿನ ಹಂತದ ದರ. ಹಾಗಾಗಿ ಹಳೆಯ ಸಂಬಳದ ಸರಾಸರಿ ಕಡಿತವನ್ನು ನೋಡಿ ಹೊಸದನ್ನು ಅಂದಾಜಿಸಿದರೆ ಕೈಗೆ ಬರುವ ಮೊತ್ತ ಹೆಚ್ಚಾಗಿ ಕಾಣುತ್ತದೆ. ಕೊನೆಗೆ ಕೈಗೆ ಬಂದ ಏರಿಕೆ 31. ಕಡಿತಗಳಲ್ಲಿ ನಿವೃತ್ತಿ ನಿಧಿಗೆ ಹೋಗುವ ಪಾಲೂ ಇದ್ದರೆ ಅದು ನಷ್ಟವಲ್ಲ, ಅದೂ ಉಳಿತಾಯವೇ. ಆದರೆ ಹಳೆಯ ಮತ್ತು ಹೊಸ ಎರಡೂ ಲೆಕ್ಕಗಳಲ್ಲಿ ಅದನ್ನು ಒಂದೇ ರೀತಿ ಹಿಡಿಯಬೇಕು. ಹೊಸ ಕಂಪನಿಯ ಮಾನವ ಸಂಪನ್ಮೂಲ ವಿಭಾಗವನ್ನು ಕೇಳಿದರೆ ಮಾದರಿ ಸ್ಯಾಲರಿ ಸ್ಲಿಪ್ ಕೊಡುತ್ತಾರೆ. ಅದನ್ನು ಪಡೆಯದೆ ಮುಂದಿನ ಲೆಕ್ಕಕ್ಕೆ ಕೈಹಾಕಬೇಡಿ.

ಮುಂದಿನದು ಖರ್ಚು. ಇಲ್ಲಿ ವೆಬ್‌ಸೈಟಿನ ಸರಾಸರಿ ಯಾರ ಮನೆಯ ಲೆಕ್ಕಕ್ಕೂ ತಾಳೆಯಾಗುವುದಿಲ್ಲ, ಏಕೆಂದರೆ ನಗರ ಬದಲಾದಾಗ ಎಲ್ಲ ಖರ್ಚುಗಳೂ ಒಂದೇ ಪ್ರಮಾಣದಲ್ಲಿ ಏರುವುದಿಲ್ಲ. ನನ್ನ ಹಳೆಯ ಖರ್ಚು ಹೀಗಿತ್ತು: ಮನೆ ಬಾಡಿಗೆ 18, ದಿನಸಿ ಮತ್ತು ಮನೆವಾರ್ತೆ 20, ಓಡಾಟ 6, ತಂದೆತಾಯಿಗೆ ಕಳಿಸುತ್ತಿದ್ದದ್ದು 12, ಸಾಲದ ಕಂತು 8, ಇತರೆ 8. ಒಟ್ಟು 72 ಹೋಗಿ 28 ಉಳಿಯುತ್ತಿತ್ತು. ತಂದೆತಾಯಿಗೆ ಕಳಿಸುವ ಹಣವಾಗಲಿ ಸಾಲದ ಕಂತಾಗಲಿ ನಾನು ಯಾವ ಊರಿನಲ್ಲಿದ್ದರೂ ಬದಲಾಗುವುದಿಲ್ಲ. ಮನೆವಾರ್ತೆಯ ಖರ್ಚು ಸ್ವಲ್ಪ ಏರುತ್ತದೆ. ನಿಜವಾಗಿ ನೆಗೆಯುವುದು ಬಾಡಿಗೆ. ಹೊಸ ಕಚೇರಿಗೆ ಹತ್ತಿರದಲ್ಲಿ, ನಾನಿದ್ದಷ್ಟೇ ದೊಡ್ಡ ಮನೆಗೆ ಬಾಡಿಗೆ 38 ಇತ್ತು, ಅಂದರೆ ಎರಡು ಪಟ್ಟಿಗಿಂತ ಹೆಚ್ಚು. ಮನೆವಾರ್ತೆ 25, ಓಡಾಟ 10, ಇತರೆ 10 ಎಂದು ಹಿಡಿದೆ. ಊರಿಗೆ ಬಂದುಹೋಗುವ ಖರ್ಚು ಎಂಬ ಹೊಸ ಬಾಬ್ತಿಗೆ 3 ಸೇರಿಸಿದೆ. ಒಟ್ಟು 106. ಅಂದರೆ 131ರಲ್ಲಿ ಉಳಿಯುವುದು 25. ಶೇಕಡ 40ರಷ್ಟು ಹೆಚ್ಚಿನ ಪ್ಯಾಕೇಜ್‌ಗೆ ಹೋಗಿ ತಿಂಗಳಿಗೆ ಮೊದಲಿಗಿಂತ 3 ಕಡಿಮೆ ಉಳಿಸುವ ಪರಿಸ್ಥಿತಿ.

ದೂರದ ಬಡಾವಣೆಯಲ್ಲಿ ಮನೆ ಹಿಡಿದರೆ ಬಾಡಿಗೆ 29ಕ್ಕೆ ಇಳಿಯುತ್ತಿತ್ತು, ಓಡಾಟದ ಖರ್ಚು 13ಕ್ಕೆ ಏರುತ್ತಿತ್ತು. ಒಟ್ಟು ಖರ್ಚು 100 ಆಗಿ 31 ಉಳಿಯುತ್ತಿತ್ತು. ಇದು ಮೊದಲಿಗಿಂತ 3 ಹೆಚ್ಚು. ಆದರೆ ಹೋಗಲು 50 ನಿಮಿಷ, ಬರಲು 50 ನಿಮಿಷ ಹೆಚ್ಚುವರಿ ಪ್ರಯಾಣ. ತಿಂಗಳಿಗೆ 22 ಕೆಲಸದ ದಿನಗಳೆಂದರೆ ಸುಮಾರು 37 ಗಂಟೆಗಳು. ಇಷ್ಟು ಗಂಟೆಗಳನ್ನು ಕೊಟ್ಟು ನಾನು ಉಳಿಸುತ್ತಿದ್ದದ್ದು 6. ಕಚೇರಿಯಲ್ಲಿ ಅಷ್ಟೇ ಗಂಟೆ ದುಡಿದರೆ ಸುಮಾರು 27 ಬರುತ್ತದೆ ಎಂದು ಗೊತ್ತಿದ್ದರೂ ನಾನು ದೂರದ ಮನೆಯನ್ನೇ ಆರಿಸಿದೆ, ಏಕೆಂದರೆ ಆಗ ನನಗೆ ಸಮಯವಿತ್ತು, ಉಳಿತಾಯದ ಅಗತ್ಯ ಹೆಚ್ಚಿತ್ತು. ಮನೆಯಲ್ಲಿ ಪುಟ್ಟ ಮಗುವಿರುವವರಿಗೆ ಈ ಆಯ್ಕೆಯನ್ನು ನಾನು ಸೂಚಿಸಲಾರೆ. (ಸಂಗಾತಿಯೂ ದುಡಿಯುತ್ತಿದ್ದು, ನಿಮ್ಮೊಡನೆ ಬರಲು ಆ ಕೆಲಸ ಬಿಡಬೇಕಾಗಿದ್ದರೆ, ಇಲ್ಲಿಯವರೆಗಿನ ಲೆಕ್ಕವೆಲ್ಲ ಅಲ್ಲಿಗೇ ಮುಗಿಯುತ್ತದೆ, ಆ ಆದಾಯವನ್ನು ಮೊದಲು ಕಳೆದು ನೋಡಿ.)

ತಿಂಗಳಿಗೆ 3 ಹೆಚ್ಚು ಉಳಿಯುತ್ತದೆ ಎಂದಾದ ಮೇಲೆ, ಅದು ಯಾವಾಗಿನಿಂದ ಉಳಿಯುತ್ತದೆ ಎಂಬುದನ್ನು ನೋಡಬೇಕಾಗುತ್ತದೆ. ಸ್ಥಳಾಂತರಕ್ಕೆ ನನಗೆ ತಗಲಿದ್ದು 60: ಸಾಮಾನು ಸಾಗಣೆ ಮತ್ತು ಹೊಸ ಮನೆಗೆ ಬೇಕಾದ ವಸ್ತುಗಳಿಗೆ 18, ದಲ್ಲಾಳಿಗೆ 12, ಮನೆ ಸಿಗುವವರೆಗೆ ತಂಗಿದ್ದಕ್ಕೆ 12, ನೋಟಿಸ್ ಅವಧಿಯಲ್ಲಿ ಹಳೆಯ ಮನೆಗೆ ಕಟ್ಟಿದ ಒಂದು ತಿಂಗಳ ಬಾಡಿಗೆ 18. ಮನೆಯ ಮುಂಗಡ ಇದರಲ್ಲಿ ಸೇರಿಲ್ಲ. ಅದು ಮರಳಿ ಬರುವ ಹಣವಾದ್ದರಿಂದ ಖರ್ಚಲ್ಲ, ಆದರೆ ಅಷ್ಟು ಕಾಲ ಬಡ್ಡಿಯಿಲ್ಲದೆ ಸಿಕ್ಕಿಕೊಂಡಿರುತ್ತದೆ. 60ನ್ನು 3ರಿಂದ ಭಾಗಿಸಿದರೆ 20 ತಿಂಗಳು. ಅಷ್ಟು ದಿನ ನಾನು ಹೆಚ್ಚೇನೂ ಉಳಿಸುವುದಿಲ್ಲ, ಹೋಗಲು ಆದ ಖರ್ಚನ್ನು ತೀರಿಸುತ್ತಿರುತ್ತೇನೆ ಅಷ್ಟೆ. ಈ ಒಂದು ಸಂಖ್ಯೆಯನ್ನು ಇಟ್ಟುಕೊಂಡೇ ನಾನು ಕಂಪನಿಯೊಂದಿಗೆ ಮಾತನಾಡಿದೆ. ಸಂಬಳ ಹೆಚ್ಚಿಸಲು ಅವರು ಒಪ್ಪಲಿಲ್ಲ, ಆದರೆ ಸ್ಥಳಾಂತರ ವೆಚ್ಚವೆಂದು 24 ಕೊಟ್ಟರು. ಒಮ್ಮೆ ಮಾತ್ರ ಕೊಡುವ ಇಂಥ ಹಣವನ್ನು, ಪ್ರತಿ ತಿಂಗಳೂ ಕೊಡಬೇಕಾದ ಏರಿಕೆಗಿಂತ ಸುಲಭವಾಗಿ ಒಪ್ಪುತ್ತಾರೆ ಎಂಬುದು ನನ್ನ ಅನುಭವ. ಬಾಕಿ 36 ಉಳಿಯಿತು, ಅಂದರೆ 12 ತಿಂಗಳು. ಇಂತಿಷ್ಟು ದಿನದೊಳಗೆ ಕೆಲಸ ಬಿಟ್ಟರೆ ಆ ಹಣ ಹಿಂದಿರುಗಿಸಬೇಕು ಎಂಬ ಷರತ್ತೂ ಇತ್ತು. ಸಹಿ ಹಾಕುವ ಮೊದಲು ಅದನ್ನು ಓದಿಕೊಳ್ಳಿ.

ಕಾಗದದ ಮೇಲಿನ ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನೂ ಹೇಳುತ್ತೇನೆ. ಪ್ರತಿ ತಿಂಗಳ ಕೊನೆಯ ದಿನ ಎಲ್ಲ ಖಾತೆಗಳ ಬಾಕಿಯನ್ನು ಕೂಡಿಸಿ, ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಬೇಕಾದದ್ದನ್ನು ಕಳೆದು, ಹಿಂದಿನ ತಿಂಗಳ ಮೊತ್ತದೊಂದಿಗೆ ಹೋಲಿಸುವುದು ನನ್ನ ಅಭ್ಯಾಸ. ಖರ್ಚುಗಳನ್ನು ಒಂದೊಂದಾಗಿ ಬರೆದಿಡುವಾಗ ಬಿಟ್ಟುಹೋಗುವುದೂ ಈ ಹೋಲಿಕೆಯಲ್ಲಿ ಸಿಕ್ಕಿಬೀಳುತ್ತದೆ. ಮೊದಲ ಮೂರು ತಿಂಗಳು ಸ್ಥಳಾಂತರದ ಗದ್ದಲವಿದ್ದುದರಿಂದ ಏನೂ ತಿಳಿಯಲಿಲ್ಲ. ನಾಲ್ಕನೆಯ ತಿಂಗಳು ನೋಡಿದರೆ ಉಳಿದದ್ದು 31 ಅಲ್ಲ, 27. ಹಳೆಯ ಊರಿನಲ್ಲಿ ಉಳಿಸುತ್ತಿದ್ದದ್ದಕ್ಕಿಂತಲೂ ಒಂದು ಕಡಿಮೆ. ಇತರೆ ಎಂದು ಹಿಡಿದಿದ್ದ 10, 14 ಆಗಿತ್ತು. ಮನೆ ಸೇರುವುದು ತಡವಾಗಿ ಅಡುಗೆ ಮಾಡಲಾಗದೆ ಹೊರಗಿನಿಂದ ಊಟ ತರಿಸುತ್ತಿದ್ದೆ. ಬೆಳಿಗ್ಗೆ ಬಸ್ಸು ತಪ್ಪಿದ ದಿನ ಬಾಡಿಗೆ ಕಾರು ಹತ್ತುತ್ತಿದ್ದೆ. ದೂರದ ಮನೆಯಿಂದ ಉಳಿಸಿದ 6ರಲ್ಲಿ 4 ಹೀಗೆ ಬೇರೆ ಬಾಗಿಲಿನಿಂದ ಹೊರಟುಹೋಗಿತ್ತು. ಬಾಡಿಗೆ ಉಳಿಸಲು ದೂರ ಹೋಗುವವರು ಪ್ರಯಾಣದ ಟಿಕೆಟ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ, ದಣಿವಿನಿಂದ ಹುಟ್ಟುವ ಈ ಖರ್ಚನ್ನು ಹಿಡಿಯುವುದಿಲ್ಲ. ನಾನು ಹಿಡಿದಿರಲಿಲ್ಲ, ಅದರ ಬಗ್ಗೆ ಇಂದಿಗೂ ನನಗೆ ಬೇಸರವಿದೆ. ಮೇಲಧಿಕಾರಿಯ ಒಪ್ಪಿಗೆ ಪಡೆದು ಕೆಲಸದ ವೇಳೆಯನ್ನು ಒಂದು ಗಂಟೆ ಹಿಂದಕ್ಕೆ ಸರಿಸಿಕೊಂಡ ಮೇಲೆ ರಸ್ತೆಯ ದಟ್ಟಣೆ ತಪ್ಪಿತು, ಇತರೆ ಖರ್ಚು 11ಕ್ಕೆ ಇಳಿಯಿತು, ಉಳಿತಾಯ 30ರಲ್ಲಿ ನಿಂತಿತು. ಹೆಚ್ಚುವರಿ ಲಾಭ ತಿಂಗಳಿಗೆ 2. ಬಾಕಿ 36 ತೀರಲು 12ರ ಬದಲು 18 ತಿಂಗಳು ಬೇಕಾದವು, ಆ ಮೊದಲ ತಿಂಗಳುಗಳ ಸೋರಿಕೆಯನ್ನು ಬಿಟ್ಟು.

ನಿಮ್ಮ ವಿಷಯದಲ್ಲಿ ನಾನು ಲೆಕ್ಕವನ್ನು ತಿರುಗಿಸಿ ಹಾಕುತ್ತಿದ್ದೆ. ಆಫರ್ ಸಾಕೇ ಎಂದು ಕೇಳುವ ಬದಲು, ಕನಿಷ್ಠ ಎಷ್ಟು ಕೈಗೆ ಬಂದರೆ ನಾನು ಈಗಿನಷ್ಟೇ ಉಳಿಸಬಲ್ಲೆ ಎಂದು ಕೇಳಿಕೊಳ್ಳಿ. ಹೊಸ ನಗರದ ತಿಂಗಳ ಖರ್ಚು, ಈಗಿನ ಉಳಿತಾಯ, ಜೊತೆಗೆ ನಿಮ್ಮ ಕೈಯಿಂದ ಹೋಗುವ ಸ್ಥಳಾಂತರ ವೆಚ್ಚವನ್ನು ಅಲ್ಲಿ ಖಚಿತವಾಗಿ ಇರುವಷ್ಟು ತಿಂಗಳುಗಳಿಗೆ ಹಂಚಿದರೆ ಬರುವ ಪಾಲು, ಈ ಮೂರನ್ನೂ ಕೂಡಿಸಿ. ನನ್ನ ನಿಜವಾದ ಸಂಖ್ಯೆಗಳಲ್ಲಿ ಅದು 101, 28 ಮತ್ತು ಎರಡು ವರ್ಷಕ್ಕೆ ಹಂಚಿದ 1.5, ಒಟ್ಟು 130.5. ನನಗೆ ಬರುತ್ತಿದ್ದದ್ದು 131. ಅಂದರೆ ಎರಡು ವರ್ಷದ ಮಟ್ಟಿಗೆ ನನ್ನ ಆ ದೊಡ್ಡ ಏರಿಕೆಯಿಂದ ಹಣದ ಲಾಭ ಹೆಚ್ಚುಕಡಿಮೆ ಏನೂ ಇರಲಿಲ್ಲ. ಕೆಲಸ ಕಲಿಯಲು ಚೆನ್ನಾಗಿತ್ತು, ಅದಕ್ಕಾಗಿ ಹೋದೆ ಎಂದು ಈಗ ಹೇಳಬಲ್ಲೆ, ಆದರೆ ಹೋಗುವಾಗ ನಾನು ಉಳಿತಾಯಕ್ಕಾಗಿಯೇ ಹೋಗುತ್ತಿದ್ದೇನೆಂದು ನಂಬಿದ್ದೆ.

ಬಾಡಿಗೆ ಕರಾರಿನಲ್ಲಿ ವರ್ಷಕ್ಕೆ ಎಷ್ಟು ಏರಿಕೆ ಎಂದು ಬರೆದಿದೆ ಎಂಬುದನ್ನೂ ಈಗಲೇ ವಿಚಾರಿಸಿ. ನನ್ನ 29ರ ಬಾಡಿಗೆ ಶೇಕಡ 10ರಷ್ಟು ಏರಿದಾಗ ತಿಂಗಳಿಗೆ ಸುಮಾರು 3 ಹೆಚ್ಚಾಯಿತು. ನನ್ನ ಹೆಚ್ಚುವರಿ ಉಳಿತಾಯ 2 ಮಾತ್ರ ಇತ್ತು. ಅದೇ ತಿಂಗಳು ಸಂಬಳವೂ ಪರಿಷ್ಕರಣೆಯಾದದ್ದರಿಂದ ಲೆಕ್ಕ ಕೆಳಗೆ ಬೀಳಲಿಲ್ಲ. ಸಂಬಳ ಪರಿಷ್ಕರಣೆಯ ತಿಂಗಳು ಯಾವುದು, ಬಾಡಿಗೆ ಏರುವ ತಿಂಗಳು ಯಾವುದು ಎಂದು ಎರಡನ್ನೂ ಕೇಳಿ ಬರೆದಿಟ್ಟುಕೊಳ್ಳಿ.