ವಿಂಡೋಸ್ 7ರಲ್ಲಿ ಸ್ಟೀಮ್ ಮತ್ತು ಹೊಸ ಗೇಮ್‌ಗಳು

ಪ್ರಶ್ನೆ: ಕಾಸರಗೋಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದೆ. ಸ್ಟೀಮ್ ಹಾಕಿ ಹೊಸ ಗೇಮ್ ಆಡಬಹುದೇ?

ಉತ್ತರ: ಸಾಧ್ಯವಿಲ್ಲ. ಸ್ಟೀಮ್ 2024ರ ಜನವರಿ 1ರಿಂದ ವಿಂಡೋಸ್ 7, 8 ಮತ್ತು 8.1ಕ್ಕೆ ಬೆಂಬಲ ನಿಲ್ಲಿಸಿದೆ. ಅದರ ಪುಟಗಳನ್ನು ತೋರಿಸುವುದು ಒಳಗೇ ಅಡಕವಾಗಿರುವ ಕ್ರೋಮ್. ಆ ಕ್ರೋಮ್ 109ನೇ ಆವೃತ್ತಿಯ ಬಳಿಕ ವಿಂಡೋಸ್ 7ರಲ್ಲಿ ನಡೆಯದ ಕಾರಣ, ಯಂತ್ರ ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ಗೇಮ್‌ಗಳ ತೊಡಕು ಬೇರೆಯೇ. ಹೊಸ ಗೇಮ್‌ಗಳಲ್ಲಿ ಹಲವು ಡೈರೆಕ್ಟ್‌ಎಕ್ಸ್ 12 ಎಂಬ ಗ್ರಾಫಿಕ್ಸ್ ತಂತ್ರಾಂಶ ಕೇಳುತ್ತವೆ. ಅದು ವಿಂಡೋಸ್ 10ರೊಂದಿಗೆ ಬಂದದ್ದು. ಹಾಗಾಗಿ ಗೇಮ್ ತೆರೆದೊಡನೆ `d3d12.dll` ಇಲ್ಲವೆಂಬ ಸಂದೇಶ ಬರುತ್ತದೆ. ಆ ಫೈಲನ್ನು ಎಲ್ಲಿಂದಲೋ ಇಳಿಸಿಕೊಂಡು `System32`ಗೆ ಹಾಕುವವರಿದ್ದಾರೆ. ಅದು ವಿಂಡೋಸಿನ ಇತರ ಭಾಗಗಳನ್ನೂ ಗ್ರಾಫಿಕ್ಸ್ ಡ್ರೈವರನ್ನೂ ಅವಲಂಬಿಸಿರುವುದರಿಂದ ಕೆಲಸ ಮಾಡುವುದಿಲ್ಲ, ವೈರಸ್ ಬರುವ ಅಪಾಯ ಮಾತ್ರ ಉಳಿಯುತ್ತದೆ.

ಗ್ರಾಫಿಕ್ಸ್ ಕಾರ್ಡಿಗೆ ವಿಂಡೋಸ್ 10ರ ಡ್ರೈವರ್ ಇದೆಯೇ ಎಂದು ತಯಾರಕರ ತಾಣದಲ್ಲಿ ಮೊದಲು ನೋಡಿ, ಇದ್ದರೆ ವಿಂಡೋಸ್ 10ರ 64 ಬಿಟ್ ಆವೃತ್ತಿಯನ್ನೇ ಹಾಕಿಸಿ, ಏಕೆಂದರೆ 32 ಬಿಟ್ ವಿಂಡೋಸಿಗೂ ಸ್ಟೀಮ್ ಬೆಂಬಲ 2026ರ ಆರಂಭಕ್ಕೆ ಮುಗಿದಿದೆ. ಹಳೆಯ ಗೇಮ್‌ಗಳೇ ಸಾಕೆಂದಾದರೆ, ಸ್ಟೀಮಿನಂಥ ಲಾಂಚರ್ ಬೇಕಿಲ್ಲದ ಇನ್‌ಸ್ಟಾಲರ್‌ಗಳನ್ನು ಗೇಮ್ ಮಾರುವ ತಾಣ ಜಿಒಜಿ ಕೊಡುತ್ತದೆ. ಇನ್ನೊಂದು ಕಂಪ್ಯೂಟರಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತರಬಹುದು.