ರೈಸ್ ಮಿಲ್ಲಿನಲ್ಲಿ ಮಾಡಿದ ಕೆಲಸಗಳ ಪಟ್ಟಿ ಮತ್ತು ಕೆನಡಾದಲ್ಲಿ ತೆರೆದಿರುವ ಉದ್ಯೋಗಗಳು

"ಅಕ್ಕನವರೇ, ನಾನು ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್ಲಿನಲ್ಲಿ ಎಂಟು ವರ್ಷಗಳಿಂದ ಸೂಪರ್‌ವೈಸರ್. ಬಿ.ಎಸ್ಸಿ. ಆಗಿದೆ. ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಪಿ.ಆರ್. ಬಂದಿದ್ದು, ಮೂರು ತಿಂಗಳಲ್ಲಿ ಹೆಂಡತಿಯೊಂದಿಗೆ ಒಂಟಾರಿಯೊಗೆ ಬರುತ್ತಿದ್ದೇನೆ. ಅಲ್ಲಿ ರೈಸ್ ಮಿಲ್ಲುಗಳಿಲ್ಲವಂತೆ. ಒಬ್ಬರು ಡೇಟಾ ಅನಾಲಿಟಿಕ್ಸ್ ಕೋರ್ಸ್ ಮಾಡು ಎನ್ನುತ್ತಾರೆ, ಇನ್ನೊಬ್ಬರು ಎಲೆಕ್ಟ್ರಿಷಿಯನ್ ಆಗು ಎನ್ನುತ್ತಾರೆ, ಮತ್ತೊಬ್ಬರು ಸೆಕ್ಯೂರಿಟಿ ಸಾಕು ಎನ್ನುತ್ತಾರೆ. ನನ್ನಂಥವನಿಗೆ ಅಲ್ಲಿ ನಿಜವಾಗಿ ಯಾವ ಕೆಲಸ ಸಿಕ್ಕೀತು?"

ಸಹೋದರರೇ, ನಮಸ್ಕಾರ. ನಾನು ಸಿಂಧನೂರಿನ ಕಡೆಯವಳು. ತಂದೆಯವರದು ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇತ್ತು. ಈಗ ಒಂಟಾರಿಯೊದ ಒಂದು ಆಹಾರ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿದ್ದೇನೆ, ಕೆಲಸ ಕೇಳಿ ಬರುವವರ ಅರ್ಜಿಗಳನ್ನು ಓದುವುದೂ ನನ್ನ ಪಾಲಿಗಿದೆ. "ಸೂಪರ್‌ವೈಸರ್, ರೈಸ್ ಮಿಲ್, ಎಂಟು ವರ್ಷ" ಎಂದಷ್ಟೇ ಬರೆದ ಅರ್ಜಿಯನ್ನು ಓದುವ ಇಲ್ಲಿನವರಿಗೆ ಆ ಎಂಟು ವರ್ಷಗಳಲ್ಲಿ ನಿಮ್ಮ ಕೈ ಏನು ಮಾಡಿತೆಂಬುದು ಕಾಣುವುದೇ ಇಲ್ಲ. ಆದ್ದರಿಂದ ಯಾವ ಕ್ಷೇತ್ರ ಎಂಬ ಪ್ರಶ್ನೆಯನ್ನು ಒಂದೆರಡು ವಾರ ಬದಿಗಿಟ್ಟು, ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು ಮಾಡಿದ ಕೆಲಸಗಳನ್ನು ಒಂದೊಂದಾಗಿ ಬರೆಯಿರಿ.

ಬರೆಯುವಾಗ ಪ್ರತಿಯೊಂದು ಕೆಲಸಕ್ಕೂ ನಾಲ್ಕು ಸಂಗತಿಗಳು ಬರಲಿ: ಏನನ್ನು ಕೈಗೆತ್ತಿಕೊಂಡಿರಿ, ಯಾವ ಉಪಕರಣ ಬಳಸಿದಿರಿ, ದಿನಕ್ಕೆ ಎಷ್ಟು ಸಲ, ಮತ್ತು ಅದರಲ್ಲಿ ನಿಮ್ಮದೇ ತೀರ್ಮಾನ ಯಾವುದು. ಕೊನೆಯದೇ ಬಹಳ ಮುಖ್ಯ. "ನಮ್ಮ ಮಿಲ್ಲು ದಿನಕ್ಕೆ ಇಷ್ಟು ಟನ್ ಭತ್ತ ಅರೆಯುತ್ತದೆ" ಎಂಬುದು ಯಂತ್ರಗಳ ಸಾಮರ್ಥ್ಯವೇ ಹೊರತು ನಿಮ್ಮದಲ್ಲ; "ಶ್ರಮಜೀವಿ, ಒಳ್ಳೆಯ ಸಂವಹನ ಕೌಶಲ" ಎಂಬಂಥ ಮಾತುಗಳನ್ನು ಯಾರು ಬೇಕಾದರೂ ಬರೆಯಬಹುದು. ಇವೆರಡನ್ನೂ ಹೊಡೆದುಹಾಕಿ. ಇನ್ನೊಂದು ಎಚ್ಚರಿಕೆ: ನೆನಪಿನಿಂದ ಬರೆಯುವವರು ಸುಗ್ಗಿಯ ಕೆಲಸಗಳನ್ನಷ್ಟೇ ಬರೆಯುತ್ತಾರೆ. ಲಾರಿಗಳು ಬಾರದ ತಿಂಗಳುಗಳಲ್ಲಿ ಯಂತ್ರಗಳನ್ನು ಬಿಚ್ಚಿ ಸರಿಪಡಿಸುವುದು, ಸರಕಾರಕ್ಕೆ ಕೊಡಬೇಕಾದ ಅಕ್ಕಿಯ ಲೆಕ್ಕ ಮುಗಿಸುವುದು, ಹೊಸ ಹುಡುಗರಿಗೆ ಕೆಲಸ ಕಲಿಸುವುದು ಪಟ್ಟಿಯಿಂದ ಬಿಟ್ಟುಹೋಗುತ್ತವೆ. ಹಿಂಗಾರು, ಮುಂಗಾರು, ನಡುವಿನ ಬಿಡುವು, ಮೂರನ್ನೂ ಬೇರೆ ಬೇರೆ ಪುಟಗಳಲ್ಲಿ ಬರೆದರೆ ಇವು ತಪ್ಪುವುದಿಲ್ಲ.

ನಿಮ್ಮ ಕಡೆಯ ಮಿಲ್ಲುಗಳ ಕೆಲಸ ನನಗೆ ಗೊತ್ತಿರುವುದರಿಂದ ಮೂರು ಸಾಲುಗಳನ್ನು ಊಹಿಸಿ ಬರೆಯುತ್ತೇನೆ, ನಿಮ್ಮ ಅನುಭವಕ್ಕೆ ಹೊಂದುವಂತೆ ತಿದ್ದಿಕೊಳ್ಳಿ. ಮೊದಲನೆಯದು ಲಾರಿ ಬಂದಾಗಿನದು: ಹಲವು ಚೀಲಗಳಿಂದ ಮಾದರಿ ತೆಗೆದು, ತೇವಾಂಶದ ಮೀಟರಿನಲ್ಲಿ ನೋಡಿ, ಕಸ, ಜೊಳ್ಳು ಮತ್ತು ಬಣ್ಣಗೆಟ್ಟ ಕಾಳುಗಳನ್ನು ಬೇರ್ಪಡಿಸಿ ತೂಗಿ, ಇಳಿಸಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಿದ್ದು. ಸರಕಾರಿ ಖರೀದಿಯಲ್ಲಿ ಭತ್ತದ ತೇವಾಂಶಕ್ಕೆ ಶೇ. 17ರ ಮಿತಿ ಇರುವುದರಿಂದ, ಮೀಟರು 18 ತೋರಿಸಿದಾಗ ಎದುರಿಗೆ ನಿಂತ ರೈತನಿಗೂ ದಲಾಲರಿಗೂ ನೀವು ಏನು ಹೇಳಿದಿರಿ ಎಂಬುದನ್ನೂ ಬರೆಯಿರಿ. ಎರಡನೆಯದು ಯಂತ್ರದ್ದು: ಸಿಪ್ಪೆ ಬಿಡಿಸುವ ರಬ್ಬರ್ ರೋಲುಗಳಿಂದ ಹೊರಬಂದ ಮಾಲಿನಲ್ಲಿ ಸುಲಿಯದ ಭತ್ತ ಹೆಚ್ಚಾದರೆ ರೋಲುಗಳ ಅಂತರ ಕಡಿಮೆ ಮಾಡಿದ್ದು, ನುಚ್ಚು ಹೆಚ್ಚಾದರೆ ಸಡಿಲಿಸಿದ್ದು, ಸವೆದ ರೋಲನ್ನು ಯಾವಾಗ ಬದಲಿಸಬೇಕೆಂದು ಹೇಳಿದ್ದು. ಮೂರನೆಯದು ಲಾಟಿನ ಲೆಕ್ಕ: ಯಾವ ಲಾರಿಯ ಭತ್ತ ಚೀಲಗಳ ಯಾವ ನಿಟ್ಟಿಗೆ ಹೋಯಿತು, ಆ ನಿಟ್ಟಿನಿಂದ ಯಾವ ಅಕ್ಕಿಯ ಲಾಟ್ ಆಯಿತು, 100 ಕ್ವಿಂಟಲ್ ಭತ್ತಕ್ಕೆ 67 ಕ್ವಿಂಟಲ್ ಬೆಳ್ತಿಗೆ ಅಕ್ಕಿಯನ್ನು ಸರಕಾರಕ್ಕೆ ಒಪ್ಪಿಸಬೇಕಾದ ಲೆಕ್ಕ ಹೊಂದಿತೇ ಇಲ್ಲವೇ ಎಂಬುದನ್ನು ರಿಜಿಸ್ಟರಿನಲ್ಲಿ ತೋರಿಸಿದ್ದು.

ಈಗ ಪ್ರತಿ ಸಾಲಿನಲ್ಲಿರುವ ಭತ್ತ, ಗಂಗಾವತಿ, ಸರಕಾರಿ ಖರೀದಿ ಎಂಬ ಪದಗಳನ್ನು ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಓದಿ. ಮೊದಲ ಸಾಲಿನಲ್ಲಿ, ಒಳಬರುವ ಕಚ್ಚಾ ಮಾಲಿನ ಮಾದರಿ ತೆಗೆದು, ಪರೀಕ್ಷಿಸಿ, ಗೊತ್ತಾದ ಮಿತಿಯ ಪ್ರಕಾರ ಸ್ವೀಕರಿಸುವ ಅಥವಾ ತಿರಸ್ಕರಿಸುವ ಕೆಲಸ ಉಳಿಯುತ್ತದೆ. ಎರಡನೆಯದರಲ್ಲಿ, ಹೊರಬಂದ ಮಾಲನ್ನು ನೋಡಿ ಯಂತ್ರದ ಹೊಂದಾಣಿಕೆ ಬದಲಿಸುವುದು ಉಳಿಯುತ್ತದೆ. ಮೂರನೆಯದರಲ್ಲಿ, ಒಂದು ಮಾಲು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ದಾಖಲೆಯಿಂದ ತೋರಿಸುವುದು ಉಳಿಯುತ್ತದೆ. ಇವು ಗಡಿ ದಾಟುವ ಕೌಶಲಗಳು. ಆದರೆ ಕಾಳು ನೋಡಿದೊಡನೆ ಸೋನಾ ಮಸೂರಿಯೋ ಅಲ್ಲವೋ ಎಂದು ಹೇಳುವ ಕಣ್ಣು, ಎಡದಂಡೆ ಕಾಲುವೆಯ ಯಾವ ಊರಿನ ಭತ್ತ ಹೇಗೆ ಬರುತ್ತದೆಂಬ ತಿಳಿವು, ಹಮಾಲರ ಮೇಸ್ತ್ರಿಯೊಂದಿಗಿನ ವರ್ಷಗಳ ವಿಶ್ವಾಸ, ಇವುಗಳ ಸಾಲುಗಳಲ್ಲಿ ಪದ ಮುಚ್ಚಿದರೆ ಏನೂ ಉಳಿಯುವುದಿಲ್ಲ. ನಿಮ್ಮ ಮಾಲೀಕರು ನಿಮ್ಮನ್ನು ಬಹುಶಃ ಇವುಗಳಿಗಾಗಿಯೇ ಮೆಚ್ಚಿರಬಹುದು, ಹಾಗಾಗಿ ಇವನ್ನು ಪಟ್ಟಿಯಿಂದ ತೆಗೆಯುವುದು ಮನಸ್ಸಿಗೆ ಕಷ್ಟವಾಗುತ್ತದೆ. ಆದರೂ ತೆಗೆಯಲೇಬೇಕು.

ಉಳಿದ ಸಾಲುಗಳನ್ನು ಹಿಡಿದುಕೊಂಡು noc.esdc.gc.ca ತಾಣವನ್ನು ತೆರೆಯಿರಿ. ಕೆನಡಾ ಸರಕಾರ ದೇಶದ ಉದ್ಯೋಗಗಳನ್ನೆಲ್ಲ ಐದು ಅಂಕಿಗಳ ಸಂಖ್ಯೆ ಕೊಟ್ಟು ಅಲ್ಲಿ ವರ್ಗೀಕರಿಸಿದೆ. ಪ್ರತಿಯೊಂದರಲ್ಲೂ ಆ ಉದ್ಯೋಗದ ಮುಖ್ಯ ಕರ್ತವ್ಯಗಳ ಪಟ್ಟಿಯೂ ಅದಕ್ಕೆ ಬೇಕಾದ ಅರ್ಹತೆಗಳೂ ಇರುತ್ತವೆ. ಸಂಖ್ಯೆಯ ಎರಡನೆಯ ಅಂಕಿ ಎಷ್ಟು ತರಬೇತಿ ಬೇಕೆಂಬುದನ್ನು ಸೂಚಿಸುತ್ತದೆ: 4 ಇದ್ದರೆ ಪ್ರೌಢ ಶಿಕ್ಷಣ ಅಥವಾ ಕೆಲವು ವಾರಗಳ ತರಬೇತಿ ಸಾಕು, 2 ಇದ್ದರೆ ಕಾಲೇಜು ಡಿಪ್ಲೊಮಾ, ದೀರ್ಘ ಅಪ್ರೆಂಟಿಸ್‌ಶಿಪ್ ಅಥವಾ ಮೇಲ್ವಿಚಾರಣೆಯ ಹೊಣೆ. ಒಂದೊಂದು ಕರ್ತವ್ಯವನ್ನೂ ಓದಿ, ನಿಮ್ಮ ನೋಟ್‌ಬುಕ್ಕಿನಲ್ಲಿ ಅದಕ್ಕೆ ಸಾಲು ಇದ್ದರೆ ಮಾತ್ರ ಗುರುತು ಹಾಕಿ. "ಮಾಡಬಲ್ಲೆ" ಎನಿಸಿದ್ದಕ್ಕೆ ಗುರುತು ಹಾಕಬೇಡಿ, ಮಾಡಿದ್ದಕ್ಕೆ ಮಾತ್ರ ಹಾಕಿ.

ನನ್ನ ಅಂದಾಜಿನಲ್ಲಿ 94143, ಅಂದರೆ ಆಹಾರ ಮತ್ತು ಪಾನೀಯ ತಯಾರಿಕೆಯ ಪರೀಕ್ಷಕರು ಮತ್ತು ದರ್ಜೆ ನಿರ್ಣಯಿಸುವವರು ಎಂಬ ಉದ್ಯೋಗದಲ್ಲಿ ನಿಮಗೆ ಅತಿ ಹೆಚ್ಚು ಗುರುತುಗಳು ಬೀಳುತ್ತವೆ. ಅದೇ ಉದ್ಯಮದ ಯಂತ್ರ ನಿರ್ವಾಹಕರದು 94140. ನಿಮ್ಮ ಎರಡನೆಯ ಸಾಲು ಅಲ್ಲಿಗೆ ಹೊಂದುತ್ತದೆ. ಮೇಲ್ವಿಚಾರಕರದು 92012. ಹುದ್ದೆಯ ಹೆಸರು ಒಂದೇ ಆದ್ದರಿಂದ ನಿಮ್ಮ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ಇಲ್ಲಿನ ಮೇಲ್ವಿಚಾರಕರು ಇಲ್ಲಿನ ಕೆಲಸದ ಸುರಕ್ಷತಾ ಕಾನೂನು ತಿಳಿದು, ಪಾಳಿಯಲ್ಲಿ ಇಂಗ್ಲಿಷಿನಲ್ಲೇ ಸೂಚನೆ ಕೊಟ್ಟು, ವರದಿ ಬರೆಯಬೇಕಾಗುವುದರಿಂದ, ಹೊರಗಿನಿಂದ ಬಂದವರನ್ನು ನೇರವಾಗಿ ಆ ಜಾಗಕ್ಕೆ ತೆಗೆದುಕೊಳ್ಳುವುದು ಅಪರೂಪ. ಅದನ್ನು ಒಳಗೆ ಬಂದ ಮೇಲಿನ ಮೆಟ್ಟಿಲೆಂದು ಇಟ್ಟುಕೊಳ್ಳಿ.

ನಿಮ್ಮ ಮೂರನೆಯ ಸಾಲಿಗೆ ಇಲ್ಲಿ ಹೆಚ್ಚಿನ ಬೆಲೆಯಿದೆ, ಅದನ್ನು ಅರ್ಜಿಯ ಮೇಲ್ಭಾಗದಲ್ಲೇ ಇಡಿ. 2019ರ ಜನವರಿ 15ರಿಂದ ಜಾರಿಯಲ್ಲಿರುವ ಕೆನಡಾದ ಸುರಕ್ಷಿತ ಆಹಾರ ನಿಯಮಗಳ ಪ್ರಕಾರ, ಆಹಾರ ವ್ಯವಹಾರದಲ್ಲಿರುವವರು ತಮ್ಮ ಮಾಲು ಒಂದು ಹಂತ ಹಿಂದೆ ಯಾರಿಂದ ಬಂತು, ಒಂದು ಹಂತ ಮುಂದೆ ಯಾರಿಗೆ ಹೋಯಿತು ಎಂಬುದನ್ನು ದಾಖಲೆಯಿಂದ ತೋರಿಸಬೇಕು. ಲಾರಿಯಿಂದ ಲಾಟಿನವರೆಗೆ ನೀವು ಇಟ್ಟ ರಿಜಿಸ್ಟರು ಅದೇ ಕೆಲಸ. ಕೊರತೆ ಇರುವುದು ಬೇರೆಡೆ. ಅಕ್ಕಿ ಮಿಲ್ಲಿನಲ್ಲಿ ಅಲರ್ಜಿಕಾರಕಗಳ ಯೋಚನೆಯೇ ಬರುವುದಿಲ್ಲ. ಇಲ್ಲಿ ಶೇಂಗಾ, ಗೋಧಿ, ಹಾಲು ಮಾತ್ರವಲ್ಲ, ಎಳ್ಳು ಮತ್ತು ಸಾಸಿವೆ ಕೂಡ ಲೇಬಲ್ಲಿನಲ್ಲಿ ನಮೂದಾಗಬೇಕಾದ ಪಟ್ಟಿಯಲ್ಲಿವೆ, ಮತ್ತು ಒಂದು ಉತ್ಪನ್ನದಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಯಂತ್ರ ತೊಳೆದದ್ದನ್ನು ಪರೀಕ್ಷಿಸಿ ಬರೆದಿಡಬೇಕು. ಹಾಸಪ್ ಎಂದು ಕರೆಯುವ ಅಪಾಯ ವಿಶ್ಲೇಷಣೆಯ ಪದ್ಧತಿಯ ಒಂದು ಸಣ್ಣ ಕೋರ್ಸ್ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಅದನ್ನು ಅಲ್ಲಿಂದಲೇ ಆನ್‌ಲೈನಿನಲ್ಲಿ ಮುಗಿಸಬಹುದು.

ನಿಮಗೆ ಹೇಳಿದ ಉಳಿದ ಮೂರು ದಾರಿಗಳನ್ನೂ ಇದೇ ನೋಟ್‌ಬುಕ್ಕಿನಿಂದ ನೋಡೋಣ. ಒಂಟಾರಿಯೊದಲ್ಲಿ ಕಟ್ಟಡ ಮತ್ತು ನಿರ್ವಹಣೆಯ ಎಲೆಕ್ಟ್ರಿಷಿಯನ್ ವೃತ್ತಿ, ಅಂದರೆ ಪ್ರಾಂತದ ವೃತ್ತಿ ಸಂಕೇತದಲ್ಲಿ 309A, ಕಡ್ಡಾಯ ಪ್ರಮಾಣಪತ್ರದ ವೃತ್ತಿಯಾಗಿದ್ದು, ನೋಂದಾಯಿತ ಅಪ್ರೆಂಟಿಸ್ ಆಗಿರದೆ ಅಥವಾ ಪ್ರಮಾಣಪತ್ರವಿಲ್ಲದೆ ಅದನ್ನು ಮಾಡುವಂತಿಲ್ಲ. ಮಿಲ್ಲಿನಲ್ಲಿ ಮೋಟಾರು ಸುಟ್ಟಾಗ ನೀವು ಎಲೆಕ್ಟ್ರಿಷಿಯನ್‌ನನ್ನು ಕರೆಸಿದಿರೋ, ನೀವೇ ವೈರ್ ಕಟ್ಟಿದಿರೋ? ಕರೆಸಿದ್ದೇ ಆದರೆ ನಿಮ್ಮ ಪಟ್ಟಿಯಲ್ಲಿ ಸಾಲೂ ಇಲ್ಲ, ಎದುರಿನ ಬಾಗಿಲಿಗೆ ಬೀಗವೂ ಇದೆ. ಕಾರ್ಖಾನೆಯ ಯಂತ್ರಗಳನ್ನು ಸರಿಪಡಿಸುವ ಮಿಲ್‌ರೈಟ್ ವೃತ್ತಿ, 433A, ಇಲ್ಲಿ ಕಡ್ಡಾಯ ಪ್ರಮಾಣಪತ್ರದ ವೃತ್ತಿಯಲ್ಲ. ಬಿಡುವಿನ ತಿಂಗಳುಗಳಲ್ಲಿ ಬೇರಿಂಗ್, ಬೆಲ್ಟ್, ಎಲಿವೇಟರಿನ ಬಕೆಟ್ಟುಗಳನ್ನು ನಿಮ್ಮ ಕೈಯಿಂದಲೇ ಬದಲಿಸಿದ್ದರೆ ಅದನ್ನು ನೋಡಬಹುದು, ಫಿಟ್ಟರ್ ಬದಲಿಸುವಾಗ ಪಕ್ಕದಲ್ಲಿ ನಿಂತಿದ್ದರೆ ಬೇಡ.

ಡೇಟಾ ಅನಾಲಿಟಿಕ್ಸ್ ವಿಷಯಕ್ಕೆ ನಾನು ಕೇಳುವುದು ಒಂದೇ: ನೀವು ಎಕ್ಸೆಲ್ಲಿನಲ್ಲಿ ಇಟ್ಟ ಲೆಕ್ಕವನ್ನು ನೋಡಿ ಮಾಲೀಕರು ಎಂದಾದರೂ ತಮ್ಮ ತೀರ್ಮಾನ ಬದಲಿಸಿದ್ದಾರೆಯೇ? ಉದಾಹರಣೆಗೆ, ಒಂದು ತಳಿಯ ಭತ್ತದಲ್ಲಿ ನುಚ್ಚಿನ ಪ್ರಮಾಣ ಪ್ರತಿ ಹಂಗಾಮಿನಲ್ಲೂ ಹೆಚ್ಚಿದೆ ಎಂದು ನೀವು ತೋರಿಸಿ, ಅದರ ಖರೀದಿ ಬೆಲೆ ಇಳಿದಿತ್ತೇ? ಹಾಗಿದ್ದರೆ ಅದು ವಿಶ್ಲೇಷಣೆಯೇ, ಮತ್ತು ಗುಣಮಟ್ಟ ವಿಭಾಗದೊಳಗೇ ಆ ಕೆಲಸಕ್ಕೆ ಜಾಗವಿದೆ. ಬಂದ ಅಂಕಿಗಳನ್ನು ತುಂಬಿದ್ದಷ್ಟೇ ಆದರೆ ದುಬಾರಿ ಕೋರ್ಸಿಗೆ ಹಣ ಹಾಕಬೇಡಿ, ಏಕೆಂದರೆ ಆ ಕ್ಷೇತ್ರದಲ್ಲಿ ನೀವು ಮೊದಲ ದಿನದ ವಿದ್ಯಾರ್ಥಿಯಾಗಿಯೇ ನಿಲ್ಲುತ್ತೀರಿ, ಎಂಟು ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಸೆಕ್ಯೂರಿಟಿ ಕೆಲಸಕ್ಕೆ ತರಬೇತಿ ಪಡೆದು, ಪರೀಕ್ಷೆ ಪಾಸಾಗಿ, ಪ್ರಾಂತದ ಪರವಾನಗಿ ತೆಗೆದುಕೊಳ್ಳಬೇಕು. ಬಾಡಿಗೆ ಕಟ್ಟಲು ಅದು ಗೌರವದ ದಾರಿಯೇ, ಆದರೆ ನಿಮ್ಮ ಮೂರೂ ಸಾಲುಗಳು ಅಲ್ಲಿ ಬಳಕೆಗೆ ಬಾರವು.

ಗುರುತು ಬಿದ್ದ ಕೆಲಸಕ್ಕೂ ಸಾಕ್ಷಿ ಬೇಕಾಗುತ್ತದೆ. ಆ ಸಾಕ್ಷಿಯನ್ನು ಇಲ್ಲಿಗೆ ಬಂದ ಮೇಲೆ ಹುಡುಕುವುದು ಬಹಳ ಕಷ್ಟ. ಮಾಲೀಕರಿಂದ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಪಡೆಯಿರಿ. ಸೇರಿದ ಮತ್ತು ಬಿಟ್ಟ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಮತ್ತು ನಿಮ್ಮ ನೋಟ್‌ಬುಕ್ಕಿನ ಸಾಲುಗಳೇ ಕರ್ತವ್ಯಗಳಾಗಿ ಅದರಲ್ಲಿರಲಿ. "ಪ್ರಾಮಾಣಿಕ, ಸನ್ನಡತೆಯವನು" ಎಂದಷ್ಟೇ ಬರೆದ ಪತ್ರದಿಂದ ಇಲ್ಲಿ ಏನೂ ಆಗುವುದಿಲ್ಲ. ಸಾಧ್ಯವಾದರೆ ಕರಡನ್ನು ನೀವೇ ಇಂಗ್ಲಿಷಿನಲ್ಲಿ ಬರೆದು ಕೊಡಿ, ಮಾಲೀಕರು ಓದಿ, ತಿದ್ದಿ, ಸಹಿ ಹಾಕಲಿ. ನೀವು ಬಳಸಿದ ಪರೀಕ್ಷಾ ದಾಖಲೆಯ ನಮೂನೆಯ ಒಂದು ಖಾಲಿ ಹಾಳೆಯನ್ನು ಅವರ ಒಪ್ಪಿಗೆಯಿಂದಲೇ ತನ್ನಿ, ರೈತರ ಮತ್ತು ವ್ಯಾಪಾರಿಗಳ ಹೆಸರಿರುವ ಪುಟಗಳು ಬೇಡ. ಇಲ್ಲಿಂದ ಫೋನ್ ಬಂದರೆ ಇಂಗ್ಲಿಷಿನಲ್ಲಿ ಉತ್ತರಿಸಬಲ್ಲ ಒಬ್ಬರನ್ನು, ಮಾಲೀಕರ ಮಗನೋ ಅಕೌಂಟೆಂಟರೋ, ಗೊತ್ತುಮಾಡಿಕೊಂಡು, ನಮ್ಮ ಹಗಲು ಅವರಿಗೆ ರಾತ್ರಿಯಾಗುವುದರಿಂದ ಯಾವ ಹೊತ್ತಿಗೆ ಸಿಗುತ್ತಾರೆಂದು ಬರೆದಿಟ್ಟುಕೊಳ್ಳಿ. ಇದೆಲ್ಲ ಹೊಸ ಭತ್ತದ ಲಾರಿಗಳು ಬರಲು ಶುರುವಾಗುವ ಮೊದಲೇ ಆಗಲಿ, ಆಮೇಲೆ ಮಾಲೀಕರಿಗೆ ಕೂತು ಓದಿ ಸಹಿ ಹಾಕುವಷ್ಟು ಬಿಡುವು ಸಿಗುವುದಿಲ್ಲ.